ಎರಡನೇ ಲಿಂಕೇಜ್‌ಗೆ ಮೊದಲ ಸಾಲದ ಲೆಕ್ಕ

ಮಹಿಳಾ ಸ್ವಸಹಾಯ ಸಂಘವು ಬ್ಯಾಂಕಿನಲ್ಲಿ ಸಾಲ ಕೇಳುವಾಗ ಒಡವೆ, ಜಮೀನು ಅಡವಿಡಬೇಕಾಗಿಲ್ಲ. ಸಂಘಕ್ಕೆ 10 ಲಕ್ಷ ರೂಪಾಯಿವರೆಗೆ ಕೊಡುವ ಸಾಲಕ್ಕೆ ಆಧಾರ ಕೇಳಬಾರದು, ಸಂಘದ ಉಳಿತಾಯ ಖಾತೆಯ ಹಣವನ್ನು ತಡೆಹಿಡಿಯಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಹಾಗಾಗಿ ಮೊದಲ ಸಾಲ ತೀರಿಸಿ ಮತ್ತೊಂದನ್ನು ಕೇಳಲು ಹೋದಾಗ ಮ್ಯಾನೇಜರ್ ನೋಡುವುದು ಮುಖ್ಯವಾಗಿ ಹಿಂದಿನ ಕಂತುಗಳ ಚರಿತ್ರೆಯನ್ನು. ‘ಪೂರ್ತಿ ಕಟ್ಟಿದ್ದೇವೆ’ ಎಂದರೆ ಸಾಲದು; ಯಾವಾಗ ಕಟ್ಟಿದರು, ಆ ಹಣ ಎಲ್ಲಿಂದ ಬಂತು ಎಂಬುದೂ ಪುಸ್ತಕದಲ್ಲಿ ಕಾಣಬೇಕು.

ಕರ್ನಾಟಕದಲ್ಲಿ ‘ಸಂಜೀವಿನಿ’ ಎಂದು ಕರೆಯುವ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಸಂಘವೊಂದನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಅದರಲ್ಲಿ ಹನ್ನೆರಡು ಸದಸ್ಯೆಯರಿದ್ದಾರೆ, ಒಬ್ಬೊಬ್ಬರ ಉಳಿತಾಯ ತಿಂಗಳಿಗೆ 100 ರೂಪಾಯಿ. ಸಂಘ ಒಂದು ವರ್ಷ ದಾಟಿದಾಗ 1.5 ಲಕ್ಷ ಸಾಲ ಪಡೆದು, ಎರಡು ವರ್ಷದಲ್ಲಿ ತೀರಿಸಿತು. ಈಗ ಸಂಘಕ್ಕೆ ಮೂರು ವರ್ಷ. ಉಳಿತಾಯ 43,200, ಸದಸ್ಯೆಯರಿಗೆ ಕೊಟ್ಟ ಒಳಸಾಲದ ಬಡ್ಡಿ 11,800, ಅಭಿಯಾನದಿಂದ ಬಂದ ಸುತ್ತು ನಿಧಿ 15,000: ಒಟ್ಟು ಮೂಲನಿಧಿ 70,000 ರೂಪಾಯಿ.

ಎರಡನೇ ಸಾಲದ ಮೊತ್ತಕ್ಕೆ ನಿಯಮ ಸರಳ. ಮೂಲನಿಧಿಯ ಎಂಟು ಪಟ್ಟು ಅಥವಾ 3 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಈ ಸಂಘದ ಲೆಕ್ಕದಲ್ಲಿ ಎಂಟು ಪಟ್ಟು ಎಂದರೆ 5.6 ಲಕ್ಷ. ಆದರೂ ಅಷ್ಟನ್ನೇ ಕೇಳುವುದು ಜಾಣತನವಲ್ಲ. ಒಬ್ಬೊಬ್ಬರೂ ಯಾವುದಕ್ಕೆ ಎಷ್ಟು ಬೇಕೆಂದು ಸಭೆಯಲ್ಲಿ ಹೇಳಿ ಬರೆಸಿದ ಕಿರು ಸಾಲ ಯೋಜನೆಯ ಮೊತ್ತ 4 ಲಕ್ಷವಾದರೆ, ಅರ್ಜಿಯಲ್ಲಿ ಇರಬೇಕಾದದ್ದೂ 4 ಲಕ್ಷವೇ. ಹಸು ಕೊಳ್ಳುವವರು, ಹೊಲಿಗೆ ಯಂತ್ರ ತರುವವರು, ಕೈಸಾಲ ತೀರಿಸುವವರು ಎಲ್ಲರ ಹೆಸರೂ ಅದರಲ್ಲಿ ಇರುತ್ತವೆ.

ಹಿಂದಿನ ಸಾಲದ ಪರೀಕ್ಷೆಗೆ ಮೂರು ಕಡೆಯ ಬರಹ ಒಂದಕ್ಕೊಂದು ತಾಳೆಯಾಗಬೇಕು: ಬ್ಯಾಂಕಿನ ಸಾಲ ಖಾತೆಯ ಸ್ಟೇಟ್‌ಮೆಂಟ್, ಸಂಘದ ಸಾಲದ ಲೆಡ್ಜರ್ ಮತ್ತು ನಡಾವಳಿ ಪುಸ್ತಕ. ಅವಧಿ ಸಾಲದಲ್ಲಿ ಕಂತು, ಬಡ್ಡಿ ಎರಡೂ ಗಡುವಿನಿಂದ 30 ದಿನದೊಳಗೆ ಸಂದಾಯವಾಗಿದ್ದರೆ ಸಕಾಲಿಕ ಮರುಪಾವತಿ ಎಂದು ಲೆಕ್ಕ. ನಮ್ಮ ಉದಾಹರಣೆಯ ಸಂಘ ಸುಗ್ಗಿಯ ಗಡಿಬಿಡಿಯಲ್ಲಿ ಒಂದು ಕಂತನ್ನು 19 ದಿನ ತಡವಾಗಿ ಕಟ್ಟಿದೆ. ಇದನ್ನು ಮುಚ್ಚಿಡದೆ ಅರ್ಜಿಯಲ್ಲೇ ಹೇಳಿಬಿಡುವುದು ಒಳ್ಳೆಯದು. ಸ್ಟೇಟ್‌ಮೆಂಟಿನಲ್ಲಿ ಹೇಗೂ ಕಂಡೇ ಕಾಣುತ್ತದೆ.

ತಾಳೆ ತಪ್ಪುವ ಜಾಗವೊಂದಿದೆ. ಸಂಘದ ಪ್ರತಿನಿಧಿ ಕಂತಿನ ಹಣವನ್ನು ಉಳಿತಾಯ ಖಾತೆಗೆ ಕಟ್ಟಿ ಬರುತ್ತಾರೆ, ಅಲ್ಲಿಂದ ಸಾಲ ಖಾತೆಗೆ ವರ್ಗವಾಗುವುದೇ ಇಲ್ಲ. ಸಂಘದ ಪುಸ್ತಕದಲ್ಲಿ ‘ಕಟ್ಟಿದೆ’, ಬ್ಯಾಂಕಿನಲ್ಲಿ ‘ಬಾಕಿ’. ಉಳಿತಾಯದ ಪಾಸ್‌ಬುಕ್ ಮಾತ್ರ ನೋಡುತ್ತಿದ್ದರೆ ಇದು ತಿಳಿಯುವುದಿಲ್ಲ. ಪ್ರತಿ ತಿಂಗಳೂ ಸಾಲ ಖಾತೆಯ ಬಾಕಿಯನ್ನು ಕೇಳಿಕೊಂಡು ನಡಾವಳಿಯಲ್ಲಿ ಬರೆದಿಡುವ ಸಂಘಕ್ಕೆ ಈ ತೊಂದರೆ ಬರುವುದು ಕಡಿಮೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಬ್ಯಾಂಕಿಗೆ ಕಂತುಗಳು ಸರಿಯಾಗಿಯೇ ಹೋಗಿರುತ್ತವೆ, ಆದರೆ ಮೂವರು ಸದಸ್ಯೆಯರು ತಿಂಗಳುಗಟ್ಟಲೆ ಕಟ್ಟಿರುವುದಿಲ್ಲ. ಅವರ ಪಾಲನ್ನು ಸಂಘ ತನ್ನ ಉಳಿತಾಯದಿಂದಲೇ ತುಂಬಿಸಿರುತ್ತದೆ. ಒಂದೆರಡು ಸಲ ಹೀಗಾದರೆ ಅದು ಸಂಘದ ಒಗ್ಗಟ್ಟು. ಅಭ್ಯಾಸವಾದರೆ ಮೂಲನಿಧಿ ಕರಗುತ್ತಿದೆ ಎಂದರ್ಥ. ಲೆಡ್ಜರಿನಲ್ಲಿ ಸದಸ್ಯೆಯರ ಬಾಕಿ ಬೆಳೆಯುತ್ತಾ, ಕೈಯಲ್ಲಿರುವ ನಗದು ಇಳಿಯುತ್ತಾ ಬಂದಿರುವುದೇ ಇದರ ಗುರುತು. ಹಾಗೆಯೇ ಎಷ್ಟೋ ಕಂತು ಬಾಕಿಯಿದ್ದು, ಹೊಸ ಅರ್ಜಿಗೆ ಮೊದಲ ವಾರದಲ್ಲಿ ದೊಡ್ಡ ಮೊತ್ತ ಒಟ್ಟಿಗೆ ಜಮೆಯಾಗಿದ್ದರೆ, ಕೈಸಾಲ ತಂದು ಬ್ಯಾಂಕ್ ಸಾಲ ಮುಚ್ಚಿದ್ದಾರೆಯೇ ಎಂಬ ಅನುಮಾನ ಅನುಭವಸ್ಥ ಮ್ಯಾನೇಜರಿಗೆ ಬರುವುದು ಸಹಜ.

ಅರ್ಜಿ ಉದ್ದವಾಗಿರಬೇಕಿಲ್ಲ. ಅದರ ತಿರುಳು ಹೀಗಿರಬಹುದು: ‘ನಮ್ಮ ಸಂಘವು ತಮ್ಮ ಶಾಖೆಯಿಂದ ಪಡೆದ 1.5 ಲಕ್ಷ ರೂ. ಸಾಲವನ್ನು 24 ಕಂತುಗಳಲ್ಲಿ ಬಡ್ಡಿ ಸಹಿತ ತೀರಿಸಿದೆ. ಒಂದು ಕಂತು 19 ದಿನ ತಡವಾಗಿದೆ. ಸದಸ್ಯೆಯರಿಂದ ಸಂಘಕ್ಕೆ ಬರಬೇಕಾದ ಅವಧಿ ಮೀರಿದ ಬಾಕಿ ಇಲ್ಲ. ಲಗತ್ತಿಸಿದ ಕಿರು ಸಾಲ ಯೋಜನೆಯಂತೆ 4 ಲಕ್ಷ ರೂ. ಎರಡನೇ ಸಾಲ ಮಂಜೂರು ಮಾಡಬೇಕೆಂದು ಕೋರುತ್ತೇವೆ.’ ಇದರೊಂದಿಗೆ ಎಲ್ಲ ಸದಸ್ಯೆಯರ ಸಹಿಯಿರುವ ಠರಾವು ಇರಬೇಕು.

ಸದಸ್ಯೆಯೊಬ್ಬರು ಅಥವಾ ಅವರ ಮನೆಯವರು ಬೇರೆ ಬ್ಯಾಂಕ್ ಸಾಲ ಉಳಿಸಿಕೊಂಡಿದ್ದರೆ ಇಡೀ ಸಂಘದ ಅರ್ಜಿ ತಿರಸ್ಕೃತವಾಗುತ್ತದೆ ಎಂಬ ಭಯ ಹಲವೆಡೆ ಇದೆ. ಸಂಘವೇ ಸುಸ್ತಿದಾರ ಆಗಿಲ್ಲದಿದ್ದರೆ ಅಂಥ ಕಾರಣಕ್ಕೆ ಸಾಮಾನ್ಯವಾಗಿ ಸಾಲ ನಿರಾಕರಿಸಬಾರದು ಎಂದೇ ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಆದರೆ ಹೊಸ ಸಾಲದ ಹಣದಲ್ಲಿ ಸುಸ್ತಿದಾರ ಸದಸ್ಯೆಗೆ ಪಾಲು ಕೊಡುವಂತಿಲ್ಲ. ಆಕೆಯ ಹೆಸರನ್ನು ಕಿರು ಸಾಲ ಯೋಜನೆಯಿಂದ ಬಿಟ್ಟು, ಹಾಗೆ ಬಿಟ್ಟಿರುವುದನ್ನು ಠರಾವಿನಲ್ಲಿ ಬರೆದರೆ ಅರ್ಜಿ ಮುಂದೆ ಸಾಗುತ್ತದೆ.