ಕಾವಲಿಯ ಪೆಟ್ಟಿಗೆ ಹೇಳದೆ ಬಿಡುವ ಮಾತು

‘ಪ್ರೀಮಿಯಂ ಗ್ರಾನೈಟ್ ನಾನ್‌ಸ್ಟಿಕ್ ದೋಸೆ ತವಾ, 28 ಸೆಂ.ಮೀ., ಇಂಡಕ್ಷನ್ ಫ್ರೆಂಡ್ಲಿ, ಪಿಎಫ್‌ಒಎ ಮುಕ್ತ, ತೊಳೆಯಲು ಸುಲಭ.’ ಮೊಬೈಲಿನ ಆನ್‌ಲೈನ್ ಅಂಗಡಿಯಲ್ಲಿ ನೋಡಿದರೂ, ಪೇಟೆಯ ಪಾತ್ರೆ ಅಂಗಡಿಯ ರಟ್ಟಿನ ಪೆಟ್ಟಿಗೆ ಮೇಲೆ ಓದಿದರೂ, ದೋಸೆ ಕಾವಲಿಯ ವಿವರ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ. ಇದರಲ್ಲಿ ಒಂದು ಪದವೂ ಸುಳ್ಳಲ್ಲದಿರಬಹುದು. ಆದರೂ ಇದನ್ನು ನಂಬಿ ಕೊಂಡ ಮನೆಯಲ್ಲಿ ಕೆಲವೇ ತಿಂಗಳಿಗೆ ದೂರು ಶುರುವಾಗುತ್ತದೆ. ನಡುವೆ ಕರಕಲಾದ ದೋಸೆ ಅಂಚಿನಲ್ಲಿ ಬಿಳಿಯಾಗಿಯೇ ಉಳಿಯುತ್ತದೆ, ತಳ ಉಬ್ಬಿ ಕಾವಲಿ ಬುಗುರಿಯಂತೆ ತಿರುಗುತ್ತದೆ, ಲೇಪನ ಎದ್ದು ಬರುತ್ತದೆ. ತಪ್ಪು ಬಳಸಿದವರದೆಂದು ಮಾರಿದವರು ಹೇಳುತ್ತಾರೆ. ಹೇಗೆ ಬಳಸಬೇಕೆಂದು ಆ ಒಂದು ಸಾಲಿನಲ್ಲಿ ಹೇಳಿದ್ದಾದರೂ ಎಲ್ಲಿ?

ಆ ಸಾಲಿನಲ್ಲಿ ಮೊದಲಿಗೆ ಕಾಣದಿರುವುದು ಲೋಹದ ಹೆಸರು. ಗ್ರಾನೈಟ್ ಎಂದಿದ್ದರೂ ಅದು ಕಲ್ಲಲ್ಲ. ಇಂಥ ಕಾವಲಿಗಳ ಮೈ ಸಾಮಾನ್ಯವಾಗಿ ಅಲ್ಯೂಮಿನಿಯಂ. ಮೇಲಿನ ಲೇಪನದಲ್ಲಿ ಚುಕ್ಕಿ ಚುಕ್ಕಿ ಬಣ್ಣ ಬೆರೆಸಿರುವುದರಿಂದ ಆ ಹೆಸರು ಬಂದಿದೆ. ಅಲ್ಯೂಮಿನಿಯಂ ಹಗುರ, ಅಗ್ಗ, ಕಾವನ್ನು ಬೇಗ ಹರಡುತ್ತದೆ, ಹಾಗಾಗಿ ದೋಸೆಗೆ ಒಳ್ಳೆಯ ಲೋಹವೇ. ಆದರೆ ಎಷ್ಟು ದಪ್ಪ ಎನ್ನುವುದು ಹೆಸರಿನಷ್ಟೇ ಮುಖ್ಯ. ಎರಡು ಮಿಲಿಮೀಟರ್ ತೆಳ್ಳಗಿನ ಕಾವಲಿಯಲ್ಲಿ ಒಲೆಯ ಉರಿ ಬಿದ್ದ ಜಾಗವೇ ಕಾಯುತ್ತದೆ, ಬೇಗ ಸೊಟ್ಟಗೂ ಆಗುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ್ದು ನಿಧಾನವಾಗಿ, ಆದರೆ ಸಮನಾಗಿ ಕಾಯುತ್ತದೆ. ‘ಹೆವಿ ಗೇಜ್’ ಎಂಬ ಪದ ಇದ್ಯಾವುದನ್ನೂ ತಿಳಿಸುವುದಿಲ್ಲ. ಮಿಲಿಮೀಟರ್ ಲೆಕ್ಕ ತಿಳಿಸುತ್ತದೆ.

ಅತಿ ಹೆಚ್ಚು ದಾರಿ ತಪ್ಪಿಸುವ ಪದವೆಂದರೆ ‘ಇಂಡಕ್ಷನ್ ಫ್ರೆಂಡ್ಲಿ’. ಅಂಗಡಿಯವರನ್ನು ಕೇಳಿದರೆ, “ಆಗುತ್ತೆ ಅಕ್ಕಾ, ಎಲ್ಲಾ ಒಲೆಗೂ ಆಗುತ್ತೆ” ಎಂಬ ಉತ್ತರ ಸಿಗುತ್ತದೆ. ಇಂಡಕ್ಷನ್ ಒಲೆಯಲ್ಲಿ ಬೆಂಕಿ ಇರುವುದಿಲ್ಲ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದ್ದು, ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದು ಹುಟ್ಟಿಸುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ವಿದ್ಯುತ್ ಹರಿಯುವಂತೆ ಮಾಡುತ್ತದೆ. ತಳ ಕಬ್ಬಿಣವಾಗಿದ್ದರೆ ಆ ವಿದ್ಯುತ್ ಹೊರಮೈಯ ತೆಳುವಾದ ಪದರದಲ್ಲೇ ಇಕ್ಕಟ್ಟಾಗಿ ಹರಿಯುತ್ತದೆ. ಅಲ್ಲಿ ಸಿಗುವ ತಡೆಯೇ ಕಾವಾಗುತ್ತದೆ. ಅಲ್ಯೂಮಿನಿಯಂ ಮತ್ತು ತಾಮ್ರ ಅಷ್ಟು ತಡೆ ಒಡ್ಡುವುದಿಲ್ಲ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಮನೆಗಳಲ್ಲಿರುವ ಮಾಮೂಲಿ ಇಂಡಕ್ಷನ್ ಒಲೆ ಅವನ್ನು ಪಾತ್ರೆ ಎಂದೇ ಗುರುತಿಸದೆ ಬೀಪ್ ಶಬ್ದ ಮಾಡಿ ನಿಂತುಬಿಡುತ್ತದೆ. ಸ್ಟೀಲಿನಲ್ಲೂ ಭೇದವಿದೆ. ಊಟದ ತಟ್ಟೆ, ಲೋಟಗಳಿಗೆ ಬಳಸುವ 304 ದರ್ಜೆಯ ಸ್ಟೀಲನ್ನು ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ, 430 ದರ್ಜೆಯದನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಹಾಗಾಗಿ ಅಲ್ಯೂಮಿನಿಯಂ ಕಾವಲಿಯ ತಳಕ್ಕೆ ಇಂಥ ಸ್ಟೀಲಿನ ಒಂದು ಬಿಲ್ಲೆಯನ್ನು ಒತ್ತಿ ಕೂರಿಸುತ್ತಾರೆ. ಇಂಡಕ್ಷನ್ ಒಲೆಯ ಮೇಲೆ ಕಾವು ಹುಟ್ಟುವುದು ಆ ಬಿಲ್ಲೆಯಲ್ಲಿ, ಅದೂ ಕೆಳಗಿನ ಸುರುಳಿ ಇರುವಷ್ಟು ಅಗಲದಲ್ಲಿ ಮಾತ್ರ. ಪೆಟ್ಟಿಗೆ ಮೇಲಿನ 28 ಸೆಂ.ಮೀ. ಕಾವಲಿಯ ಅಂಚಿನಿಂದ ಅಂಚಿಗೆ ಅಳೆದದ್ದು. ಬಿಲ್ಲೆ 17 ಸೆಂ.ಮೀ. ಇದೆ ಎಂದುಕೊಂಡರೆ, ಕಾವಲಿಯ ಒಟ್ಟು ಹರವಿನಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಭಾಗದಲ್ಲಷ್ಟೇ ಕಾವು ಹುಟ್ಟುತ್ತದೆ. ಉಳಿದ ಐದೂವರೆ ಸೆಂಟಿಮೀಟರ್ ಅಂಚಿಗೆ ಅದು ಅಲ್ಯೂಮಿನಿಯಂ ಮೂಲಕವೇ ಹರಿದು ಬರಬೇಕು. ಮೈ ತೆಳ್ಳಗಿದ್ದರೆ ಸಾಕಷ್ಟು ಬರುವುದಿಲ್ಲ. ನಡುವೆ ಕೆಂಪಾಗಿ ಅಂಚಿನಲ್ಲಿ ಬೇಯದ ದೋಸೆಗೆ ಹಿಟ್ಟನ್ನು ದೂರಿ ಪ್ರಯೋಜನವಿಲ್ಲ. ಅದೇ ಕಾವಲಿ ದೊಡ್ಡ ಗ್ಯಾಸ್ ಬರ್ನರಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡೀತು.

ಕೊಳ್ಳುವವರು ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಫ್ರಿಜ್ ಬಾಗಿಲಿಗೆ ಅಂಟಿಸುವ ಚಿಕ್ಕ ಅಯಸ್ಕಾಂತವೊಂದನ್ನು ಕಾವಲಿಯ ತಳದ ನಡುವಿನಿಂದ ಅಂಚಿನ ಕಡೆಗೆ ಜರುಗಿಸುತ್ತ ಹೋದರೆ, ಅದು ಹಿಡಿತ ಬಿಡುವ ಜಾಗದವರೆಗೆ ಮಾತ್ರ ಇಂಡಕ್ಷನ್ ತಳ. ಕೆಲವು ಕಾವಲಿಗಳಲ್ಲಿ ಇಡೀ ಬಿಲ್ಲೆಯ ಬದಲು ತೂತು ತೂತಾದ ಸ್ಟೀಲ್ ಹಾಳೆಯನ್ನು ಅಲ್ಯೂಮಿನಿಯಮ್ಮಿನೊಳಗೆ ಒತ್ತಿರುತ್ತಾರೆ. ಅಲ್ಲಿ ಅಯಸ್ಕಾಂತ ಒಂದು ಕಡೆ ಗಟ್ಟಿಯಾಗಿ, ಮತ್ತೊಂದು ಕಡೆ ಸಡಿಲವಾಗಿ ಹಿಡಿಯುತ್ತದೆ. ಅದು ಇಂಡಕ್ಷನ್ ಮೇಲೆ ಕಾಯುವುದೇನೋ ನಿಜ, ಇಡೀ ಬಿಲ್ಲೆ ಇದ್ದಷ್ಟು ಚುರುಕಾಗಿ ಅಲ್ಲ.

ಇನ್ನು ಲೇಪನ. ಗ್ರಾನೈಟ್, ಮಾರ್ಬಲ್, ಸ್ಟೋನ್ ಎಂದು ಏನೇ ಹೆಸರಿಟ್ಟರೂ ಅಂಟದಿರುವ ಗುಣ ಬರುವುದು ಬಹುಪಾಲು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್‌ನಿಂದ. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತು ಟೆಫ್ಲಾನ್ ಎಂಬ ಹೆಸರಿನಿಂದ ಮನೆಮಾತಾಯಿತು. ಪಿಎಫ್‌ಒಎ ಎನ್ನುವುದು ಬೇರೆಯೇ ರಾಸಾಯನಿಕ. ಹಿಂದೆ ಪಿಟಿಎಫ್‌ಇ ತಯಾರಿಕೆಯಲ್ಲಿ ಅದನ್ನು ಬಳಸುತ್ತಿದ್ದರು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಅದು ನಿಷೇಧಿತ ರಾಸಾಯನಿಕಗಳ ಪಟ್ಟಿ ಸೇರಿತು. ಅಂದರೆ ‘ಪಿಎಫ್‌ಒಎ ಮುಕ್ತ’ ಎಂದು ಬರೆದ ಕಾವಲಿಯ ಮೇಲೂ ಪಿಟಿಎಫ್‌ಇ ಇರಬಹುದು, ಹೆಚ್ಚಾಗಿ ಇರುತ್ತದೆ. ಆ ಎರಡು ಪದಗಳನ್ನು ಓದಿ ‘ಇದು ಎಷ್ಟು ಕಾದರೂ ಅಪಾಯವಿಲ್ಲ’ ಎಂದುಕೊಳ್ಳುವುದು ತಪ್ಪು ತಿಳಿವಳಿಕೆ.

ಪಿಟಿಎಫ್‌ಇಗೆ ತಯಾರಕರು ಹೇಳುವ ಮಿತಿ ಸುಮಾರು 260 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದ ಮೇಲೆ ಲೇಪನ ಕೆಡತೊಡಗುತ್ತದೆ. 350 ಡಿಗ್ರಿಯ ಆಸುಪಾಸಿನಲ್ಲಿ ಒಡೆದು ಹೊಗೆ ಬಿಡುತ್ತದೆ. ಆ ಹೊಗೆ ಮನುಷ್ಯರಲ್ಲಿ ಜ್ವರದಂಥ ಲಕ್ಷಣ ತರುತ್ತದೆ, ಪಂಜರದಲ್ಲಿ ಸಾಕಿದ ಹಕ್ಕಿಗಳ ಜೀವವನ್ನೇ ತೆಗೆಯಬಲ್ಲದು. ದೋಸೆಗೆ 200 ಡಿಗ್ರಿಯ ಆಚೀಚೆ ಸಾಕಾಗುವುದರಿಂದ, ಹಿಟ್ಟು ಹುಯ್ದ ಕಾವಲಿಯ ಬಗ್ಗೆ ಭಯ ಬೇಡ. ತೊಂದರೆ ಇರುವುದು ಖಾಲಿ ಕಾವಲಿಯಲ್ಲಿ.

ಒಂದು ಲೆಕ್ಕ ಹಾಕಿ ನೋಡಬಹುದು. 28 ಸೆಂ.ಮೀ. ಅಗಲ, ಮೂರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕಾವಲಿಯ ಮೈ ಅರ್ಧ ಕಿಲೋ ತೂಗುತ್ತದೆ. ತಳದ ಬಿಲ್ಲೆಯನ್ನೂ ಸೇರಿಸಿ ಅದನ್ನು 30 ಡಿಗ್ರಿಯಿಂದ 260 ಡಿಗ್ರಿಗೆ ಏರಿಸಲು 1500 ವ್ಯಾಟ್‌ನ ಇಂಡಕ್ಷನ್ ಒಲೆಗೆ ಬೇಕಾಗುವುದು ಸುಮಾರು ಎರಡು ನಿಮಿಷ. ಇದು ಇಡೀ ಕಾವಲಿಯ ಸರಾಸರಿ. ನಡುಭಾಗ ಇನ್ನೂ ಬೇಗ ಅಲ್ಲಿಗೆ ಮುಟ್ಟುತ್ತದೆ. ಒಲೆ ಹಚ್ಚಿ ಕಾವಲಿ ಇಟ್ಟು ಚಟ್ನಿ ರುಬ್ಬಲು ಹೋದವರು ಬರುವಷ್ಟರಲ್ಲಿ ಲೇಪನದ ಮಿತಿ ದಾಟಿರುತ್ತದೆ. ಕಬ್ಬಿಣದ ಕಾವಲಿಗೆ ಈ ಅಭ್ಯಾಸದಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ, ನಾನ್‌ಸ್ಟಿಕ್‌ಗೆ ಇದೇ ಮುಖ್ಯ ಶತ್ರು. ಥರ್ಮಾಮೀಟರ್ ಇಲ್ಲದೆಯೂ ಇದನ್ನು ಗುರುತಿಸುವ ದಾರಿಯಿದೆ. ಮೊದಲೇ ಒಂದೆರಡು ಹನಿ ಎಣ್ಣೆ ಸವರಿ ಇಟ್ಟರೆ, ಸಂಸ್ಕರಿಸಿದ ಸೂರ್ಯಕಾಂತಿ ಎಣ್ಣೆ ಸುಮಾರು 230 ಡಿಗ್ರಿಗೆ ಹೊಗೆಯಾಡತೊಡಗುತ್ತದೆ. ಹೊಗೆ ಕಂಡೊಡನೆ ಉರಿ ತಗ್ಗಿಸಬೇಕು.

‘ಸೆರಾಮಿಕ್’ ಎಂದು ಮಾರುವ ಲೇಪನದ ಸ್ವಭಾವ ಬೇರೆ. ಅದು ಸಿಲಿಕಾ ಆಧಾರಿತ. ಹೆಚ್ಚು ಕಾವನ್ನು ತಡೆಯುತ್ತದೆ, ಆದರೆ ಅಂಟದಿರುವ ಗುಣವನ್ನು ಪಿಟಿಎಫ್‌ಇಗಿಂತ ಬೇಗ ಕಳೆದುಕೊಳ್ಳುತ್ತದೆ.

ಮನೆಯ ರೂಢಿಗಳು ಮಾತ್ರ ಕಬ್ಬಿಣದ ಕಾವಲಿಯ ಕಾಲದವು. ಎರಡು ದೋಸೆಯ ನಡುವೆ ನೀರು ಚಿಮುಕಿಸಿ ಕಾವಲಿಯನ್ನು ತಣಿಸುವುದು ಅವುಗಳಲ್ಲೊಂದು. ದಪ್ಪ ಕಬ್ಬಿಣ ಅದನ್ನು ಸಹಿಸುತ್ತದೆ. ಇಂಡಕ್ಷನ್ ತಳದ ಕಾವಲಿಯಲ್ಲಿ ಎರಡು ಲೋಹ ಬೆಸೆದಿವೆ, ಅಲ್ಯೂಮಿನಿಯಂ ಕಾದಾಗ ಆ ಸ್ಟೀಲಿನ ಎರಡರಷ್ಟು ಹಿಗ್ಗುತ್ತದೆ. ನೀರು ಬಿದ್ದಾಗ ಮೇಲಿನ ಮೈ ಥಟ್ಟನೆ ಕುಗ್ಗುತ್ತದೆ, ತಳದ ಬಿಲ್ಲೆ ಜತೆಗೂಡುವುದಿಲ್ಲ. ಈ ಎಳೆದಾಟ ದಿನವೂ ನಡೆದರೆ ತಳ ಉಬ್ಬುತ್ತದೆ. ಉಬ್ಬಿದ ತಳ ಗ್ಯಾಸಿನ ಮೇಲೆ ಹೇಗೋ ನಡೆಯುತ್ತದೆ, ಇಂಡಕ್ಷನ್ನಿನ ಗಾಜಿನ ಮೇಲೆ ಕೂರುವುದೇ ಇಲ್ಲ. ಕಾವು ಹೆಚ್ಚಾಯಿತೆನಿಸಿದರೆ ಒಲೆ ತಗ್ಗಿಸಿ ಅರ್ಧ ನಿಮಿಷ ಕಾಯುವುದು ಲೇಸು. ಕಬ್ಬಿಣದ ಸಟ್ಟುಗ, ತಂತಿ ಜುಂಗು, ಒರಟು ಪಾತ್ರೆ ಪುಡಿಗಳಿಗೂ ನಾನ್‌ಸ್ಟಿಕ್ ಮೇಲೆ ಜಾಗವಿಲ್ಲ; ಮರದ ಸಟ್ಟುಗ, ಮೆತ್ತನೆಯ ಸ್ಪಂಜು ಸಾಕು.

ಇದರ ವಿರುದ್ಧದ ತಪ್ಪೂ ನಡೆಯುತ್ತದೆ. ನಾನ್‌ಸ್ಟಿಕ್ ಬೇಸರವಾಗಿ ಬೀಡುಕಬ್ಬಿಣದ ಕಾವಲಿ ಕೊಂಡವರು ಅದನ್ನು ಸಾಬೂನಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ, ಬೆಳಿಗ್ಗೆ ತುಕ್ಕು ಕಂಡು ಮೋಸವಾಯಿತೆನ್ನುತ್ತಾರೆ. ಕಬ್ಬಿಣವನ್ನು ಪಳಗಿಸಿದಾಗ ಎಣ್ಣೆ ಕಾದು ಗಟ್ಟಿ ಪದರವಾಗಿ ಕೂರುತ್ತದೆ, ಅದೇ ಅದರ ಲೇಪನ. ಹುಣಸೆ, ಟೊಮೆಟೊದ ಹುಳಿ ಹೊತ್ತುಗಟ್ಟಲೆ ಕುದಿದರೆ ಆ ಪದರ ಕಿತ್ತುಬರುತ್ತದೆ. ಕಪ್ಪು ಬಣ್ಣದ ಹಾರ್ಡ್ ಆನೊಡೈಸ್ಡ್ ಪಾತ್ರೆಯನ್ನು ನಾನ್‌ಸ್ಟಿಕ್ ಎಂದೇ ತಿಳಿಯುವವರಿದ್ದಾರೆ. ಅದು ಅಲ್ಯೂಮಿನಿಯಮ್ಮಿನ ಹೊರಮೈಯನ್ನೇ ವಿದ್ಯುತ್ತಿನಿಂದ ಗಟ್ಟಿ ಮಾಡಿದ್ದು. ಸಟ್ಟುಗಕ್ಕೆ ಹೆದರುವುದಿಲ್ಲ, ಆದರೆ ಡಿಶ್‌ವಾಷರ್‌ನ ತೀಕ್ಷ್ಣ ಕ್ಷಾರದ ಪುಡಿಗೆ ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತದೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಆದೇಶ ಹೊರಡಿಸಿತು. ಗುಣಮಟ್ಟಕ್ಕೆ ಆ ಗುರುತು ಆಧಾರವಾಗುತ್ತದೆ. ಆದರೆ ಈ ಕಾವಲಿ ತಮ್ಮ ಒಲೆಗೆ, ತಮ್ಮ ರೂಢಿಗೆ ಹೊಂದುತ್ತದೆಯೇ ಎಂಬುದನ್ನು ಮಾರುವವರ ವಿವರವೇ ಹೇಳಬೇಕು. ಮೇಲಿನ ಅದೇ ಕಾವಲಿಯ ಬಗ್ಗೆ ಹೀಗೆ ಬರೆಯಲು ಹೆಚ್ಚು ಜಾಗವೇನೂ ಬೇಡ:

‘ದೋಸೆ ಕಾವಲಿ. ಮೈ: ಅಲ್ಯೂಮಿನಿಯಂ, 3 ಮಿ.ಮೀ. ದಪ್ಪ. ಮೇಲಗಲ 28 ಸೆಂ.ಮೀ. ಲೇಪನ: ಪಿಟಿಎಫ್‌ಇ, ಚುಕ್ಕಿ ವಿನ್ಯಾಸ, 260 ಡಿಗ್ರಿ ದಾಟಬಾರದು. ಗ್ಯಾಸ್ ಮತ್ತು ಇಂಡಕ್ಷನ್ ಒಲೆಗೆ. ಇಂಡಕ್ಷನ್ ಬಿಲ್ಲೆಯ ಅಗಲ 17 ಸೆಂ.ಮೀ., ಅದರ ಮೇಲೆ 20 ಸೆಂ.ಮೀ.ವರೆಗಿನ ದೋಸೆ ಸಮನಾಗಿ ಬೇಯುತ್ತದೆ. ಖಾಲಿ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಿಸಬೇಡಿ. ಬಿಸಿ ಇರುವಾಗ ನೀರು ಹಾಕಬೇಡಿ. ಮರ ಅಥವಾ ಸಿಲಿಕೋನ್ ಸಟ್ಟುಗ ಬಳಸಿ. ಕೈಯಲ್ಲೇ ತೊಳೆಯಿರಿ. ಲೇಪನ ಎದ್ದರೆ ಬಳಕೆ ನಿಲ್ಲಿಸಿ.’

ಇಲ್ಲಿರುವ 20 ಸೆಂ.ಮೀ. ಎಂಬ ಅಳತೆಯನ್ನು ಊಹಿಸಿ ಬರೆಯುವಂತಿಲ್ಲ. ತಯಾರಕರು ಆ ಕಾವಲಿಯನ್ನು ಇಂಡಕ್ಷನ್ ಮೇಲಿಟ್ಟು ದೋಸೆ ಹುಯ್ದು ನೋಡಿಯೇ ಬರೆಯಬೇಕಾಗುತ್ತದೆ. ಪೆಟ್ಟಿಗೆ ಹೇಗೂ ಮನೆಗೆ ಬಂದ ದಿನವೇ ರದ್ದಿಗೆ ಹೋಗುವುದರಿಂದ, ಬಿಲ್ಲೆಯ ಅಗಲ ಮತ್ತು ಡಿಗ್ರಿಯ ಮಿತಿಯನ್ನು ಕಾವಲಿಯ ತಳದಲ್ಲೇ ಅಚ್ಚೊತ್ತಬೇಕು. ಸುರುಳಿಯಾಕಾರದ ಇಂಡಕ್ಷನ್ ಚಿಹ್ನೆಯನ್ನು ಹಲವರು ಈಗಾಗಲೇ ಅಲ್ಲಿ ಒತ್ತುತ್ತಿದ್ದಾರೆ. ಅದರ ಪಕ್ಕದಲ್ಲಿ ಎರಡು ಅಂಕಿಗಳಿಗೆ ಬೇಕಾದಷ್ಟು ಜಾಗ ಇದೆ.