ಬುಟ್ಟಿಗಿಂತ ಮೊದಲು ತಲುಪಬೇಕಾದ ಪತ್ರಗಳು

ನಂಜನಗೂಡಿನ ಆಚೆ ನಾಲ್ಕು ಎಕರೆಯ ಸಾವಯವ ತೋಟವೊಂದಿದೆ ಎಂದಿಟ್ಟುಕೊಳ್ಳಿ. ಕೆಂಪು ಮಣ್ಣು, ಒಂದು ಕೊಳವೆಬಾವಿ, ಸ್ವಲ್ಪ ಜಾಗದಲ್ಲಿ ಸೊಪ್ಪು ತರಕಾರಿ, ಉಳಿದದ್ದರಲ್ಲಿ ರಾಗಿ, ಅವರೆ. ಬದುವಿನ ಮೇಲೆ ನುಗ್ಗೆ, ಬೇಲಿಯಂಚಿಗೆ ಕೆಲವು ಮಾವಿನ ಮರ. ತೋಟದವರು ಶನಿವಾರ ಮೈಸೂರಿಗೆ ಬಂದು ಸಂತೆಯಲ್ಲಿ ಮಾರುತ್ತಾರೆ. ಮೇಜಿನ ಮೇಲೊಂದು ನೋಟ್‌ಪುಸ್ತಕ ಇಟ್ಟಿರುತ್ತಾರೆ: ತೋಟದ ವಾರಪತ್ರ ಬೇಕಾದವರು ಇಮೇಲ್ ವಿಳಾಸ ಬರೆಯಬಹುದು. ತಿಂಗಳಿಗೆ 30 ಜನ ಬರೆಯುತ್ತಾರೆ ಅನ್ನೋಣ.

ಹೀಗೆ ಬರೆದು ಹೋದವರಿಗೆ ಸಾಮಾನ್ಯವಾಗಿ ಮೊದಲು ಬರುವುದು ಮುಂದಿನ ವಾರದ ಪಟ್ಟಿ. ಈ ವಾರ ಹೀರೆ ಇದೆ, ತೊಂಡೆ ಇದೆ, ದಂಟಿನ ಸೊಪ್ಪು ಇದೆ, ಗುರುವಾರದೊಳಗೆ ಹೇಳಿ. ಅಷ್ಟರಲ್ಲಿ ಕೆಲವರಿಗೆ ತಾವು ವಿಳಾಸ ಕೊಟ್ಟದ್ದೇ ಮರೆತಿರುತ್ತದೆ. ಯಾರದೋ ಜಾಹೀರಾತು ಎಂದುಕೊಂಡು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಇನ್ನು ಕೆಲವರು ಆಸೆಯಿಂದ ಬುಟ್ಟಿ ತರಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಹಾಗೆ ವಾರವಾರವೂ ಟೊಮೆಟೊ, ಕ್ಯಾರೆಟ್, ಬೀನ್ಸ್ ಬರುತ್ತದೆಂದು ಅವರ ಲೆಕ್ಕ. ಮೂರು ವಾರ ಸೊಪ್ಪೇ ಬಂದರೆ ನಾಲ್ಕನೆಯ ವಾರ ಅವರು ಸುಮ್ಮನಾಗುತ್ತಾರೆ. ತೋಟದವರ ಕೆಲಸದಲ್ಲಿ ತಪ್ಪಿರುವುದಿಲ್ಲ. ಹೊಲ ಅಂಗಡಿಯಂತೆ ನಡೆಯುವುದಿಲ್ಲ ಎಂಬುದನ್ನು ಮೊದಲೇ ಯಾರೂ ಅವರಿಗೆ ಹೇಳಿರುವುದಿಲ್ಲ, ಅಷ್ಟೆ.

ಅದನ್ನು ಹೇಳುವುದಕ್ಕೇ ಸ್ವಾಗತ ಪತ್ರಗಳ ಸರಣಿ ಇರುವುದು. ನಾಲ್ಕೈದು ಇಮೇಲ್‌ಗಳನ್ನು ಒಮ್ಮೆ ಬರೆದು, ಪತ್ರ ಕಳಿಸುವ ಸೇವೆಯೊಂದರಲ್ಲಿ ಕೂರಿಸಿಡುತ್ತಾರೆ. ಹೊಸಬರು ಸೇರಿದ ದಿನದಿಂದ ಎಣಿಸಿ, ಅವು ಒಬ್ಬೊಬ್ಬರಿಗೂ ಸರದಿಯಂತೆ ತಾವಾಗಿಯೇ ಹೋಗುತ್ತವೆ. ನಮ್ಮ ತೋಟಕ್ಕೆ ನಾನು ಹೇಳುವ ಸರದಿ ಇದು: ಮೊದಲನೆಯದು ಸೇರಿದ ಕೂಡಲೇ, ಎರಡನೆಯದು ಎರಡು ದಿನ ಬಿಟ್ಟು, ಮೂರನೆಯದು ಐದನೆಯ ದಿನ, ನಾಲ್ಕನೆಯದು ಒಂಬತ್ತನೆಯ ದಿನ, ಕೊನೆಯದು ಎರಡು ವಾರ ತುಂಬಿದಾಗ.

ವಾಟ್ಸ್‌ಆ್ಯಪ್ ಇರುವಾಗ ಇಮೇಲ್ ಯಾಕೆ ಎಂದು ಕೇಳಬಹುದು. ಆ ದಿನದ ಆರ್ಡರಿಗೆ ವಾಟ್ಸ್‌ಆ್ಯಪ್ಪೇ ಸರಿ. ಆದರೆ ಅದರ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ಮುಟ್ಟುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಅಲ್ಲದೆ ರಾಗಿ ಹಿಟ್ಟು ಎಷ್ಟು ದಿನ ಇಡಬಹುದು ಎಂದು ಆರು ತಿಂಗಳ ಮೇಲೆ ಹುಡುಕುವವರಿಗೆ ಅದು ಶುಭೋದಯದ ಚಿತ್ರಗಳ ರಾಶಿಯಡಿ ಹೂತುಹೋಗಿರುತ್ತದೆ.

ಮೊದಲ ಪತ್ರ ತಡವಾಗಬಾರದು. ಮೇಜಿನ ಮುಂದೆ ನಿಂತವರು ಮನೆ ಮುಟ್ಟುವ ಹೊತ್ತಿಗೆ ಅದು ಅವರ ಫೋನಿನಲ್ಲಿರಬೇಕು. ನೋಟ್‌ಪುಸ್ತಕದ ತೊಂದರೆಯೂ ಇಲ್ಲೇ ಬರುತ್ತದೆ. ಭಾನುವಾರ ಕೂತು ವಿಳಾಸಗಳನ್ನು ಟೈಪ್ ಮಾಡುವಾಗ ಒಂದಂಕಿ ಎಲ್ ಅಕ್ಷರವಾಗುತ್ತದೆ, ಚುಕ್ಕಿಯೊಂದು ಬಿಟ್ಟುಹೋಗುತ್ತದೆ, ಪತ್ರ ಪುಟಿದು ವಾಪಸು ಬರುತ್ತದೆ. ಅದಕ್ಕಿಂತ ಮೇಜಿನ ಮೇಲೊಂದು ಕ್ಯೂಆರ್ ಕೋಡ್ ಇಟ್ಟು, ಬಂದವರೇ ವಿಳಾಸ ತುಂಬಿ, ಬಂದ ಮೇಲ್‌ನಲ್ಲಿ ಹೌದು ಎಂದು ಒತ್ತಿದ ಮೇಲಷ್ಟೇ ಪಟ್ಟಿಗೆ ಸೇರುವಂತೆ ಮಾಡುವುದು ವಾಸಿ. ಒತ್ತದೆ ಬಿಡುವವರು ಕೆಲವರು ಇದ್ದೇ ಇರುತ್ತಾರೆ. ಅವರನ್ನು ಬಿಟ್ಟುಬಿಡುವುದೇ ಲೇಸು.

ಮೊದಲ ಪತ್ರ ಹೀಗಿದ್ದರೆ ಸಾಕು:

"ನಮಸ್ಕಾರ. ಸಂತೆಯಲ್ಲಿ ನಮ್ಮ ಮಳಿಗೆಯ ಹತ್ತಿರ ನೀವು ಇಮೇಲ್ ವಿಳಾಸ ಕೊಟ್ಟಿದ್ದಿರಿ, ಅದಕ್ಕೇ ಈ ಪತ್ರ. ನಾವು ಗಂಡ ಹೆಂಡತಿ, ಜೊತೆಗೆ ಇಬ್ಬರು ಆಳುಗಳು, ನಾಲ್ಕು ಎಕರೆ ಮಾಡುತ್ತೇವೆ. ಬುಧವಾರ ಸಂಜೆ ಆ ವಾರ ಏನು ಕುಯ್ಯುತ್ತೇವೆಂದು ಬರೆಯುತ್ತೇವೆ. ಬೇಕಾದವರು ಗುರುವಾರ ರಾತ್ರಿಯೊಳಗೆ ಹೇಳಿದರೆ ಶನಿವಾರ ಬುಟ್ಟಿ ಸಿದ್ಧವಿರುತ್ತದೆ. ಬುಟ್ಟಿ ತರಿಸಲೇಬೇಕೆಂದಿಲ್ಲ, ಓದಿಕೊಂಡಿರಬಹುದು. ಈಗ ಒಂದೇ ಕೇಳಿಕೆ: ನಿಮ್ಮ ಮನೆಯಲ್ಲಿ ಎಷ್ಟು ಜನ, ಯಾವ ಸೊಪ್ಪು ಹೆಚ್ಚು ತಿನ್ನುತ್ತೀರಿ? ಇದಕ್ಕೇ ಉತ್ತರ ಬರೆಯಿರಿ, ನಾವೇ ಓದುತ್ತೇವೆ."

ಕೊನೆಯ ಪ್ರಶ್ನೆಗೆ ಎರಡು ಕೆಲಸ. ಬಂದ ಉತ್ತರಗಳು ಮುಂದಿನ ಬಿತ್ತನೆಗೆ ದಾರಿ ತೋರುತ್ತವೆ. ಹೆಚ್ಚಿನವರು ಸಬ್ಬಸಿಗೆ ಎಂದರೆ ಪಾಲಕ್ಕಿನ ಒಂದು ಮಡಿ ಸಬ್ಬಸಿಗೆಗೆ ಹೋಗಬಹುದು. ಜೊತೆಗೆ, ಒಮ್ಮೆ ಉತ್ತರಿಸಿದ ವಿಳಾಸದಿಂದ ಬರುವ ಪತ್ರ ಪರಿಚಯದವರದು ಎಂದು ಮೇಲ್ ಸೇವೆಗೂ ಒಂದು ಗುರುತು ಸಿಗುತ್ತದೆ.

ಪತ್ರದಲ್ಲಿ ಓದುಗರ ಹೆಸರಿಲ್ಲ ಎಂಬುದನ್ನು ಗಮನಿಸಿ. ಹೆಸರು ತಾನಾಗಿ ಸೇರುವ ಏರ್ಪಾಡು ಹೆಚ್ಚಿನ ಸೇವೆಗಳಲ್ಲಿ ಇದೆ, ಆದರೆ ಕೆಲವೊಮ್ಮೆ ಮೊದಲ ಪದವೇ ಹೆಸರಾಗಿ ಬಂದುಬಿಡಬಹುದು. ನಮ್ಮಲ್ಲಿ ಇನಿಶಿಯಲ್ ಮುಂದಿಟ್ಟು ಬರೆಯುವವರು ಬಹಳ. ಪತ್ರ 'ನಮಸ್ಕಾರ ಎಸ್' ಎಂದು ಶುರುವಾದರೆ ಆತ್ಮೀಯತೆ ಅಲ್ಲೇ ಮುಗಿಯಿತು. ಇನ್ನೊಂದು ಎಚ್ಚರ ಅಕ್ಷರದ್ದು. ಪತ್ರವನ್ನು ಯೂನಿಕೋಡ್‌ನಲ್ಲೇ ಬರೆಯಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಓದುಗರ ಫೋನಿನಲ್ಲಿ ಅರ್ಥವಿಲ್ಲದ ಗೀಟುಗಳಾಗುತ್ತದೆ. ಅದಕ್ಕೆ ಹೆದರಿ ಇಡೀ ಪತ್ರವನ್ನೇ ಚಿತ್ರ ಮಾಡಿ ಕಳಿಸುವವರಿದ್ದಾರೆ. ಚಿತ್ರ ತೆರೆಯದ ಫೋನಿನಲ್ಲಿ ಅದು ಬರಿಯ ಖಾಲಿ ಚೌಕ.

ಕಳಿಸುವ ವಿಳಾಸವೂ ಮುಖ್ಯ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಇದರಲ್ಲಿ ಬಿಗಿಯಾಗಿವೆ. ಕಳಿಸಿದವರು ನಿಜವಾಗಿ ಅವರೇ ಎಂದು ಸಾರುವ ಎಸ್‌ಪಿಎಫ್ ಅಥವಾ ಡಿಕಿಮ್ ಎಂಬ ದಾಖಲೆ ಸಣ್ಣವರಿಗೂ ಬೇಕು. ದಿನಕ್ಕೆ 5,000 ಪತ್ರ ಕಳಿಸುವ ದೊಡ್ಡವರಿಗೆ ಇನ್ನೂ ಹೆಚ್ಚಿನ ಕಟ್ಟುಪಾಡಿದೆ. ತೋಟದ ಹೆಸರಿನಲ್ಲೇ ಒಂದು ಡೊಮೇನ್ ಕೊಂಡು, ಪತ್ರಸೇವೆಯವರು ಕೊಡುವ ಸಾಲುಗಳನ್ನು ಅದರ ಡಿಎನ್ಎಸ್ ಪುಟದಲ್ಲಿ ಅಂಟಿಸಿದರೆ ಇದು ಒಂದು ಮಧ್ಯಾಹ್ನದ ಕೆಲಸ. ಜಿಮೇಲ್ ವಿಳಾಸವನ್ನೇ ಇಟ್ಟುಕೊಂಡು ಬೇರೆ ಸೇವೆಯಿಂದ ಕಳಿಸಿದರೆ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವವೇ ಹೆಚ್ಚು. ಸ್ಪ್ಯಾಮ್ ದೂರು ಶೇಕಡ 0.3 ಮುಟ್ಟಬಾರದು ಎಂದೂ ಗೂಗಲ್ ಹೇಳುತ್ತದೆ. ನಮ್ಮ ತೋಟದ 200 ಓದುಗರಲ್ಲಿ ಒಬ್ಬರು ಆ ಗುಂಡಿ ಒತ್ತಿದರೂ ಅದು ಶೇಕಡ 0.5 ಆಯಿತು! ಅದಕ್ಕೇ 'ಈ ಪತ್ರ ಬೇಡ' ಎಂಬ ಕೊಂಡಿಯನ್ನು ಸಣ್ಣಕ್ಷರದಲ್ಲಿ ಬಚ್ಚಿಡಬಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆಯುವುದೂ ಅಷ್ಟೇ ಸುಲಭವಿರಬೇಕು ಎನ್ನುತ್ತದೆ.

ಎರಡನೆಯ ಪತ್ರ ಮಣ್ಣಿನದು. ಇಲ್ಲಿ ದೊಡ್ಡ ಮಾತು ಬೇಡ, ಮಾಡುವ ಕೆಲಸ ಹೇಳಿದರೆ ಸಾಕು. 200 ಲೀಟರ್ ಡ್ರಮ್ಮಿನಲ್ಲಿ 10 ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಕಲಸಿ ಜೀವಾಮೃತ ಮಾಡುವುದನ್ನು ಒಂದು ಫೋಟೋ ಜೊತೆ ಬರೆಯಲಿ. ಪ್ರಮಾಣಪತ್ರದ ವಿಷಯವನ್ನೂ ಇಲ್ಲೇ ಬಿಚ್ಚಿ ಹೇಳಬೇಕು. ಸಣ್ಣ ರೈತರು ತಾವು ಬೆಳೆದದ್ದನ್ನು ನೇರವಾಗಿ ಗ್ರಾಹಕರಿಗೆ ಮಾರುವಾಗ 2017ರ ಸಾವಯವ ಆಹಾರ ನಿಯಮಗಳಲ್ಲಿ ವಿನಾಯಿತಿ ಇದೆ, ಆದರೆ ಪ್ರಮಾಣಪತ್ರವಿಲ್ಲದೆ ಜೈವಿಕ್ ಭಾರತ್ ಚಿಹ್ನೆ ಹಾಕುವಂತಿಲ್ಲ. ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸುವ ಪಿಜಿಎಸ್ ಪದ್ಧತಿಯಲ್ಲಿ ಪರಿವರ್ತನೆಯ ಹಂತದ ಹೊಲಕ್ಕೆ ಪಿಜಿಎಸ್ ಗ್ರೀನ್ ಎಂದೂ ಪೂರ್ತಿ ಬದಲಾದದ್ದಕ್ಕೆ ಪಿಜಿಎಸ್ ಆರ್ಗ್ಯಾನಿಕ್ ಎಂದೂ ಗುರುತು ಕೊಡುತ್ತಾರೆ. ನಮ್ಮದು ಗ್ರೀನ್ ಹಂತದಲ್ಲಿದೆ ಎಂದು ತಾನೇ ಹೇಳಿಕೊಂಡ ತೋಟವನ್ನು ಜನ ಹೆಚ್ಚು ನಂಬುತ್ತಾರೆ ಎಂಬುದು ನನ್ನ ಅನಿಸಿಕೆ.

ಸರಣಿಯ ಜೀವ ಮೂರನೆಯ ಪತ್ರದಲ್ಲಿದೆ. ಅದು ತೋಟದ ವರ್ಷ. ಮುಂಗಾರಿನಲ್ಲಿ ರಾಗಿ ಬಿತ್ತನೆ; ಜಡಿಮಳೆ ಹಿಡಿದರೆ ಸೊಪ್ಪು ಕೊಳೆಯುತ್ತದೆ, ಟೊಮೆಟೊಗೆ ರೋಗ ಬರುತ್ತದೆ, ಬುಟ್ಟಿಯಲ್ಲಿ ಹೀರೆ, ಪಡವಲ, ಸೋರೆ ಹೆಚ್ಚು. ನವೆಂಬರ್ ಡಿಸೆಂಬರಿನಲ್ಲಿ ರಾಗಿ ಕೊಯ್ಲು. ಇಬ್ಬನಿ ಬಿದ್ದ ಮೇಲೆ ಸೊಗಡಿನ ಅವರೆಕಾಯಿ, ಕೋಸು, ಮೂಲಂಗಿ. ಇದೇ ಬುಟ್ಟಿ ತುಂಬಿ ತುಳುಕುವ ಕಾಲ. ಬೇಸಿಗೆಯಲ್ಲಿ ನುಗ್ಗೆ ಇರುತ್ತದೆ, ಮಾವು ಬರುತ್ತದೆ, ಆದರೆ ಕೊಳವೆಬಾವಿಯ ನೀರು ಇಳಿದು ಸೊಪ್ಪು ಅರ್ಧಕ್ಕಿಳಿಯುತ್ತದೆ. ಏನು ಬರುತ್ತದೆ ಎಂಬುದರಷ್ಟೇ ಏನು ಬರುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು: ಏಪ್ರಿಲ್‌ನಲ್ಲಿ ಕೋಸು ಕೊಡಲಾರೆವು, ಮಳೆ ಹೆಚ್ಚಾದ ವಾರ ಬುಟ್ಟಿಯೇ ಇಲ್ಲದಿರಬಹುದು, ಆ ವಾರದ ದುಡ್ಡು ಮುಂದಿನ ವಾರಕ್ಕೆ ಸೇರುತ್ತದೆ. ಇದನ್ನು ಓದಿ ಹಿಂದೆ ಸರಿಯುವವರು ಸರಿಯಲಿ. ಅವರು ಹೇಗೂ ಮೂರು ಬುಟ್ಟಿಯ ನಂತರ ಹೋಗುವವರೇ.

ಸ್ವಾಗತ ಸರಣಿ ಕೆಡುವುದೂ ಈ ಪತ್ರದಲ್ಲೇ. ಸರಣಿ ನಡೆಯುವುದು ಓದುಗರು ಸೇರಿದ ದಿನದ ಲೆಕ್ಕದಲ್ಲಿ, ಹೊಲ ನಡೆಯುವುದು ಋತುವಿನ ಲೆಕ್ಕದಲ್ಲಿ. ಡಿಸೆಂಬರಿನಲ್ಲಿ ಉತ್ಸಾಹದಿಂದ 'ಈಗ ಅವರೆ ಸುಗ್ಗಿ, ಬೇಗ ಹೇಳಿ' ಎಂದು ಬರೆದಿಟ್ಟರೆ, ಮೇ ತಿಂಗಳಲ್ಲಿ ಸೇರಿದವರಿಗೂ ಅದೇ ಹೋಗುತ್ತದೆ. ಅವರು ಅವರೆ ಕೇಳುತ್ತಾರೆ, ತೋಟದವರಿಗೆ ಯಾಕೆಂದು ತಿಳಿಯುವುದಿಲ್ಲ. ಆದ್ದರಿಂದ ಈಗ, ಈ ವಾರ, ಇವತ್ತು ಎಂಬ ಪದಗಳನ್ನು ಸರಣಿಯಿಂದ ಹುಡುಕಿ ತೆಗೆಯಬೇಕು. ತಿಂಗಳ ಹೆಸರಿರಲಿ. ವರ್ಷವಿಡೀ ನಿಜವಾಗಿರುವುದು ಸರಣಿಗೆ, ಈ ಹೊತ್ತಿನದು ಬುಧವಾರದ ಪತ್ರಕ್ಕೆ. ಸರಣಿಯ ಪತ್ರಗಳು ಬುಧವಾರ ಹೋಗದಂತೆ ತಡೆಯಿರಿ, ಒಂದೇ ಸಂಜೆ ಎರಡು ಬಂದರೆ ಯಾರಿಗೂ ಹಿತವಲ್ಲ. ಸರಣಿ ಮುಗಿಯುವವರೆಗೆ ಹೊಸಬರಿಗೆ ವಾರಪತ್ರವನ್ನೇ ನಿಲ್ಲಿಸಿ ಎಂಬ ಸಲಹೆಯೂ ಉಂಟು. ಬಟ್ಟೆ ಅಂಗಡಿಗೆ ಅದು ಸರಿ ಇರಬಹುದು. ಸೊಗಡಿನ ಅವರೆ ನಾಲ್ಕಾರು ವಾರ ಸಿಗುವ ತೋಟಕ್ಕೆ ಎರಡು ವಾರ ಸುಮ್ಮನಿರುವುದು ನಷ್ಟ.

ನಾಲ್ಕನೆಯ ಪತ್ರ ಅಡುಗೆಮನೆಯದು: ಹರಿವೆ ಸೊಪ್ಪನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿಡಿ, ಎಲೆಯಲ್ಲಿ ತೂತಿದ್ದರೆ ಹುಳು ತಿಂದದ್ದು, ಕೋಸನ್ನು ಹೆಚ್ಚಿ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ. ಐದನೆಯದರಲ್ಲಿ ಬೆಲೆ, ಬುಟ್ಟಿಯ ತೂಕ, ಎಲ್ಲಿಂದ ಒಯ್ಯಬೇಕು, ಹೇಗೆ ಹಣ ಕಟ್ಟಬೇಕು. ಬೆಲೆ ಬರೆಯಲು ಸಂಕೋಚ ಬೇಡ.

ಸರಣಿ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಿ ಕೂರಬೇಡಿ. 2021ರಲ್ಲಿ ಆಪಲ್ ತಂದ ಗೋಪ್ಯತೆಯ ಏರ್ಪಾಡಿನ ನಂತರ, ಓದುಗರು ಮುಟ್ಟದ ಪತ್ರವೂ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ತಿಂಗಳಿಗೆ 30 ಜನ ಸೇರುವಲ್ಲಿ ಎರಡು ಬಗೆಯ ಶೀರ್ಷಿಕೆ ಕಳಿಸಿ ಹೋಲಿಸುವುದರಲ್ಲೂ ಅರ್ಥವಿಲ್ಲ, ಒಬ್ಬಿಬ್ಬರಿಂದಲೇ ಫಲಿತಾಂಶ ತಲೆಕೆಳಗಾಗುತ್ತದೆ. ನೋಡಬೇಕಾದದ್ದು ಬೇರೆ. ಮೊದಲ ಪತ್ರಕ್ಕೆ ಉತ್ತರ ಬರೆದವರು ಎಷ್ಟು, ಯಾವ ಪತ್ರದ ನಂತರ ಜನ ಬಿಟ್ಟು ಹೋಗುತ್ತಾರೆ, ಸೇರಿದ ಎರಡು ತಿಂಗಳಲ್ಲಿ ಎರಡನೆಯ ಬುಟ್ಟಿ ತರಿಸಿದವರು ಎಷ್ಟು. ಮೊದಲ ಬುಟ್ಟಿ ಕುತೂಹಲಕ್ಕೂ ಆಗುತ್ತದೆ, ಎರಡನೆಯದು ಹಾಗಲ್ಲ. ಮೇ ತಿಂಗಳಲ್ಲಿ ಯಾರಾದರೂ 'ಕೋಸು ಯಾಕಿಲ್ಲ' ಎಂದು ಬರೆದರೆ ಮೂರನೆಯ ಪತ್ರ ಅವರಿಗೆ ಮುಟ್ಟಿಲ್ಲ ಅಥವಾ ಸರಿಯಾಗಿ ಹೇಳಿಲ್ಲ. ಅಂಥ ಪ್ರಶ್ನೆಗಳನ್ನು ಗುರುತು ಹಾಕಿಟ್ಟುಕೊಂಡು, ಮುಂಗಾರು ಶುರುವಾಗುವ ಮುಂಚೆ ಒಮ್ಮೆ, ರಾಗಿ ಕಣಕ್ಕೆ ಬಂದ ಮೇಲೆ ಒಮ್ಮೆ ಐದೂ ಪತ್ರಗಳನ್ನು ತೋಟದವರು ತಮ್ಮದೇ ಇನ್ನೊಂದು ವಿಳಾಸಕ್ಕೆ ತರಿಸಿಕೊಂಡು ಫೋನಿನಲ್ಲಿ ಓದಬೇಕು. ಬದಲಾದ ಬೆಲೆ, ಕಿತ್ತುಹಾಕಿದ ಬೆಳೆ, ಬತ್ತಿದ ಬಾವಿ ಎಲ್ಲವೂ ಅಲ್ಲಿ ತಿದ್ದಿಸಿಕೊಳ್ಳಲು ಕಾಯುತ್ತಿರುತ್ತವೆ.