ಒಟ್ಟಿಗೆ ಕೊಂಡದ್ದು ಒಟ್ಟಿಗೇ ಕೈಕೊಡುತ್ತದೆ

ಲೆಕ್ಕಕ್ಕಾಗಿ 60 ಕಂಪ್ಯೂಟರುಗಳಿರುವ ಒಂದು ಪತ್ತಿನ ಸಹಕಾರ ಸಂಘವನ್ನು ಇಟ್ಟುಕೊಳ್ಳೋಣ. ಅಷ್ಟನ್ನೂ ಒಂದೇ ಟೆಂಡರಿನಲ್ಲಿ, ಮೂರು ವರ್ಷದ ವಾರಂಟಿಯೊಂದಿಗೆ ಕೊಂಡಿದ್ದಾರೆ. ಮುಂದಿನ ಬಜೆಟ್ಟುಗಳಲ್ಲಿ ಕಂಪ್ಯೂಟರ್ ಎಂಬ ಬಾಬತ್ತೇ ಇಲ್ಲ. ಐದನೆಯ ವರ್ಷ ಮಾತ್ರ ವಾರಕ್ಕೊಂದು ಯಂತ್ರ ಮಲಗತೊಡಗುತ್ತದೆ, ಆಡಳಿತ ಮಂಡಳಿಯ ಮುಂದೆ 30 ಲಕ್ಷದ ಬೇಡಿಕೆ ಬಂದು ಕೂರುತ್ತದೆ.

ಇದು ಕಾಕತಾಳೀಯವಲ್ಲ. ಕರೆಂಟನ್ನು ಯಂತ್ರಕ್ಕೆ ಬೇಕಾದ ಹದಕ್ಕೆ ತರುವ ಎಸ್‌ಎಂಪಿಎಸ್ ಡಬ್ಬಿಯಲ್ಲಿ ಉರುಟಾದ ಕೆಪಾಸಿಟರುಗಳಿರುತ್ತವೆ. ಅವುಗಳೊಳಗಿನ ದ್ರಾವಣ ವರ್ಷಗಳು ಕಳೆದಂತೆ ಆರುತ್ತದೆ. ಸುತ್ತಲಿನ ಶಾಖ 10 ಡಿಗ್ರಿ ಹೆಚ್ಚಿದರೆ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಫ್ಯಾನಿಗೆ ಧೂಳು ಕಟ್ಟಿಕೊಂಡ ಯಂತ್ರ ಬೇಗ ಮುದಿಯಾಗುವುದು ಹೀಗೆ. ಬೆಳಿಗ್ಗೆ ಬಟನ್ ಒತ್ತಿದರೆ ಮೊದಲ ಸಲಕ್ಕೆ ಶುರುವಾಗದಿರುವುದು, ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುವುದು ಇದರ ಲಕ್ಷಣಗಳು. ಒಂದೇ ತಂಡದ ಯಂತ್ರಗಳಲ್ಲಿ ಬಿಡಿಭಾಗಗಳೂ ಒಂದೇ ಮೂಲದವು, ವಯಸ್ಸೂ ಒಂದೇ. ಎರಡು ದಶಕಗಳ ಹಿಂದೆ ಡೆಲ್ ಕಂಪನಿಯ ಕೆಲವು ಆಪ್ಟಿಪ್ಲೆಕ್ಸ್ ಮಾದರಿಗಳಲ್ಲಿ ಕಳಪೆ ಕೆಪಾಸಿಟರುಗಳು ಉಬ್ಬಿ ಸೋರಿ ಮದರ್‌ಬೋರ್ಡುಗಳು ಸಾಲಾಗಿ ಕೆಟ್ಟವು. ಅದನ್ನು ಸರಿಪಡಿಸಲೆಂದು 2005ರಲ್ಲಿ ಕಂಪನಿ ಸುಮಾರು 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಕಚೇರಿಯ ಎಲ್ಲ ಮೇಜುಗಳ ಮೇಲೂ ಅದೇ ಮಾದರಿ ಇದ್ದವರ ಪಾಡು ಊಹಿಸಬಹುದು.

ಹಾಗಾಗಿ ಖರೀದಿಯನ್ನು ವರ್ಷಗಳ ಮೇಲೆ ಹರಡಬೇಕು. ಐದು ವರ್ಷದ ಸರದಿಯಾದರೆ ವರ್ಷಕ್ಕೆ 12 ಯಂತ್ರ. ಆದರೆ ನಮ್ಮ ಸಂಘದಲ್ಲಿ ಎಲ್ಲವೂ ಒಂದೇ ವಯಸ್ಸಿನವು. ನಾಲ್ಕು ತುಂಬಿದಾಗ ಶುರುಮಾಡಿ 12ರಂತೆ ಬದಲಿಸುತ್ತ ಹೋದರೆ ಕೊನೆಯ ತಂಡಕ್ಕೆ ಎಂಟು ವರ್ಷವಾಗಿರುತ್ತದೆ. ಅದು ಅತಿಯಾಯಿತು. ಮೊದಲ ನಾಲ್ಕು ವರ್ಷ 15ರಂತೆ ಬದಲಿಸಿ, ಆಮೇಲೆ 12ಕ್ಕೆ ಇಳಿಯುವುದು ಮೇಲು. ಆಗ ಕೊನೆಯ ತಂಡ ಏಳಕ್ಕೆ ನಿವೃತ್ತಿಯಾಗುತ್ತದೆ. ತೆರಿಗೆ ಸೇರಿ ಯಂತ್ರಕ್ಕೆ 50,000 ರೂಪಾಯಿ, ವರ್ಷಕ್ಕೆ ಶೇ. 5 ಬೆಲೆಯೇರಿಕೆ ಎಂದಿಟ್ಟುಕೊಂಡರೆ ಮೊದಲ ವರ್ಷ ಏಳೂವರೆ ಲಕ್ಷ, ನಾಲ್ಕನೆಯ ವರ್ಷ 8.68 ಲಕ್ಷ, 12ಕ್ಕೆ ಇಳಿದ ಐದನೆಯ ವರ್ಷ 7.29 ಲಕ್ಷ. ಯಾವ ವರ್ಷವೂ ಎದೆ ಧಸಕ್ಕೆನ್ನುವುದಿಲ್ಲ.

ಮೊದಲು ಯಾವ 15 ಹೋಗಬೇಕು? ರಿಪೇರಿ ರಿಜಿಸ್ಟರು ಹೇಳುತ್ತದೆ. ಸಾಮಾನ್ಯವಾಗಿ ಬಾಗಿಲ ಧೂಳು ಕುಡಿಯುವ ಕ್ಯಾಷ್ ಕೌಂಟರಿನವೇ ಮುಂದಿರುತ್ತವೆ. ಮ್ಯಾನೇಜರ ಕೋಣೆಯದಂತೂ ಅಲ್ಲ, ಹೊಸದು ಮೊದಲು ಅಲ್ಲಿಗೇ ಹೋಗುವ ರೂಢಿಯಿದ್ದರೂ. ಯಂತ್ರ ಗಟ್ಟಿಯಿದ್ದರೂ ತಂತ್ರಾಂಶವೇ ಗಡುವು ಹಾಕುವುದೂ ಉಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುಪಾಲನ್ನು ವಿಂಡೋಸ್ 11 ಒಪ್ಪುವುದಿಲ್ಲ.

ವಾರಂಟಿಯಲ್ಲಿ ಜನ ಎಡವುವುದು ದಿನಾಂಕದಲ್ಲಿ. ಅದರ ಎಣಿಕೆ ಸಾಮಾನ್ಯವಾಗಿ ಬಿಲ್ ಅಥವಾ ಸಾಗಣೆಯ ದಿನದಿಂದ ಶುರು, ಡಬ್ಬಿ ಒಡೆದ ದಿನದಿಂದಲ್ಲ. ಸ್ಟೋರಿನಲ್ಲಿ ಮೂರು ತಿಂಗಳು ಬಿದ್ದಿದ್ದ ಯಂತ್ರ ಮೂರು ತಿಂಗಳ ವಾರಂಟಿಯನ್ನು ಅಲ್ಲೇ ಕಳೆದುಕೊಂಡಿರುತ್ತದೆ. ಬಂದ ದಿನವೇ ಸೀರಿಯಲ್ ನಂಬರ್ ಹಾಕಿ ಕಂಪನಿಯ ತಾಣದಲ್ಲಿ ನೋಡಿಬಿಡುವುದು ಒಳ್ಳೆಯದು. ವಾರಂಟಿ ಮುಗಿದ ಮೇಲಿನ ನಾಲ್ಕು, ಐದನೆಯ ವರ್ಷಗಳಿಗೆ ಅದನ್ನು ದುಡ್ಡು ಕೊಟ್ಟು ವಿಸ್ತರಿಸಬಹುದು. ನನ್ನ ಮಟ್ಟಿಗೆ, ತೆಗೆದುಹಾಕಿದವುಗಳಲ್ಲಿ ಚೆನ್ನಾಗಿರುವ ಮೂರ್ನಾಲ್ಕನ್ನು ಬಿಡಿಭಾಗಕ್ಕೆಂದು ಉಳಿಸಿಕೊಳ್ಳುವುದು ಅದಕ್ಕಿಂತ ಅಗ್ಗ. ಸರ್ವರಿಗೆ ಮಾತ್ರ ಈ ಜಿಪುಣತನ ಬೇಡ.

ಉಳಿದ ಹಳೆಯವುಗಳನ್ನು ಗುಜರಿಯವನ ಆಟೋಗೆ ಹೇರುವ ಮುಂಚೆ ಡಿಸ್ಕ್ ನೆನಪಿರಲಿ. ಫೈಲ್ ಅಳಿಸಿದರೆ ಹೋಗುವುದು ಪುಸ್ತಕದ ಪರಿವಿಡಿಯಷ್ಟೇ, ಪುಟಗಳು ಅಲ್ಲೇ ಇರುತ್ತವೆ. ಸದಸ್ಯರ ಆಧಾರ್, ಪ್ಯಾನ್, ಸಾಲದ ಕಾಗದಗಳೆಲ್ಲ ಮತ್ತೆ ಎದ್ದುಬರಬಲ್ಲವು. ಹಾರ್ಡ್ ಡಿಸ್ಕಿನ ಮೇಲೆ ಪೂರ್ತಿಯಾಗಿ ಒಮ್ಮೆ ಬೇರೇನಾದರೂ ಬರೆದರೆ ಸಾಕು. ಎಸ್‌ಎಸ್‌ಡಿಯ ವಿಷಯ ಬೇರೆ. ಸವೆತ ಹಂಚಲೆಂದು ಅದು ಬರವಣಿಗೆಯನ್ನು ಬೇರೆ ಬೇರೆ ಕೋಶಗಳಿಗೆ ಸಾಗಿಸುತ್ತಿರುವುದರಿಂದ, ನಾವು ಮೇಲಿಂದ ಏನು ಬರೆದರೂ ಹಳೆಯ ಪ್ರತಿ ಎಲ್ಲೋ ಉಳಿದಿರಬಹುದು. ಅದಕ್ಕೆ ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಬಳಸಬೇಕು. ಇಲ್ಲವೇ ಮೊದಲ ದಿನದಿಂದಲೇ ಡಿಸ್ಕನ್ನು ಗೂಢಲಿಪಿಯಲ್ಲಿಟ್ಟು, ಕೊನೆಗೆ ಅದರ ಕೀಲಿಯನ್ನು ನಾಶಮಾಡಬೇಕು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ವರ್ಷದಲ್ಲಿ ಯಾವಾಗಲಾದರೂ ಸಾವಿರ ಅಥವಾ ಹೆಚ್ಚು ವಿದ್ಯುನ್ಮಾನ ಉಪಕರಣ ಬಳಸಿದ ಸಂಸ್ಥೆ ಸಗಟು ಬಳಕೆದಾರ. ತನ್ನ ತ್ಯಾಜ್ಯವನ್ನು ನೋಂದಾಯಿತ ಸಂಸ್ಥೆಗಳಿಗೇ ಕೊಡಬೇಕು. ನಮ್ಮ ಸಂಘ ಆ ಸಂಖ್ಯೆಯನ್ನು ಮುಟ್ಟುವುದಿಲ್ಲ, ಆದರೂ ಅಲ್ಲಿಗೇ ಕೊಡಲಿ. ಗುಜರಿ ಅಂಗಡಿ ನಾಲ್ಕು ಕಾಸು ಹೆಚ್ಚು ಕೊಡಬಹುದು, ಆದರೆ ಅದರ ಹಿಂದೆ ವೈರು ಸುಟ್ಟು ತಾಮ್ರ ತೆಗೆಯುವ, ಆಮ್ಲದಲ್ಲಿ ಬೋರ್ಡು ಅದ್ದುವ ಕೆಲಸವಿರುತ್ತದೆ. ಈ ಮಾರಾಟದ ಹಣವನ್ನು ಬಜೆಟ್ಟಿನ ಆದಾಯದ ಕಡೆ ಬರೆದುಕೊಳ್ಳಬೇಡಿ. ಸೀರಿಯಲ್ ನಂಬರುಗಳಿರುವ ವಿಲೇವಾರಿ ಪ್ರಮಾಣಪತ್ರ ಪಡೆದು ಆಡಿಟ್ ಫೈಲಿನಲ್ಲಿ ಹಾಕಿಡಿ.